ಇಪ್ಪತ್ತು ಚೀಲ, ನೂರಿಪ್ಪತ್ತೆಂಟು ಚೀಲ

ತಮ್ಮಾ,

ಪ್ರೋಗ್ರಾಮಿಂಗ್ ಕೋರ್ಸಿನ ಸ್ಕಾಲರ್‌ಶಿಪ್ಪಿಗೆ ನೀ ಬರೆದ ಅರ್ಜಿ ವಾಟ್ಸಾಪಿನಲ್ಲಿ ಬಂತು. ಎರಡು ಸಲ ಓದಿದೆ. 'ಅತನೂರಿನ ಬಡ ರೈತನ ಮಗ', 'ಕೈ ಮುಗಿದು ಬೇಡುವೆ', 'ನನ್ನ ಕನಸು' ಎಲ್ಲಾ ಇವೆ. ನೀ ಮಾತ್ರ ಅದರಲ್ಲಿ ಕಾಣಲಿಲ್ಲ. ಹಿಂದೆ ಒಂದು ಟ್ರಸ್ಟಿನಲ್ಲಿ ಇಂಥ ಅರ್ಜಿ ಓದುವ ಕೆಲಸ ನನಗೂ ಬಂದಿತ್ತು. ಒಂದೇ ಸಂಜೆ ಅರವತ್ತು ಅರ್ಜಿ. ಐವತ್ತರಲ್ಲಿ ಹೆಸರು ಮುಚ್ಚಿಟ್ಟರೆ ಯಾರದು ಯಾವುದೆಂದು ತಿಳಿಯುತ್ತಿರಲಿಲ್ಲ. ಬಡತನ ಎಲ್ಲರದೂ ನಿಜವೇ. ಆದರೆ ಸೀಟು ಕೊಟ್ಟರೆ ಈ ಹುಡುಗ ಮೂರನೇ ವಾರಕ್ಕೆ ಬಿಟ್ಟು ಹೋಗುವುದಿಲ್ಲ ಎನ್ನುವುದಕ್ಕೆ ಏನು ಗುರುತು? ಓದುವವರು ಹುಡುಕುವುದು ಅದನ್ನೇ.

ಆ ಗುರುತು ನಿನ್ನ ಹತ್ತಿರ ಇದೆ. ದೀಪಾವಳಿಗೆ ನಾ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ತೋರಿಸಿದ್ದಿಯಲ್ಲ, ಹಳ್ಳದ ಹೊಲದ ತೊಗರಿ 12 ಚೀಲ, ಮೇಲಿನ ಹೊಲದ್ದು 8 ಚೀಲ, ಕೂಡಿಸಿದರೆ 128 ಬಂತೆಂದು?

```
a = input()
b = input()
print(a + b)
```

'ಕಾಕಾ, ಇದು ಲೆಕ್ಕಾನೇ ತಪ್ಪು ಮಾಡ್ತದ' ಅಂದಿದ್ದಿ. ಎರಡು ದಿನ ಒದ್ದಾಡಿ ನೀನೇ ಕಾರಣ ಕಂಡುಹಿಡಿದೆ. input ಕೊಡುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಹಾಗಾಗಿ ಪೈಥಾನ್ ಅವನ್ನು ಕೂಡಿಸಲಿಲ್ಲ, ಪಕ್ಕ ಪಕ್ಕ ಅಂಟಿಸಿತು. ಎರಡೂ ಕಡೆ int() ಹಾಕಿದ ಮೇಲೆ 20 ಬಂತು. ಇದನ್ನು ಅರ್ಜಿಯಲ್ಲಿ ನಾಲ್ಕೇ ಸಾಲಿನಲ್ಲಿ ಬರೆ. ಏನು ಮಾಡಲು ಹೊರಟಿದ್ದಿ, ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು. 'ನನಗೆ ಕೋಡಿಂಗ್ ಎಂದರೆ ಪ್ರಾಣ' ಎಂಬ ವಾಕ್ಯ ತೆಗೆದುಹಾಕು. ಅದನ್ನು ಯಾರು ಬೇಕಾದರೂ ಬರೆಯಬಹುದು, 128 ಚೀಲದ ಕಥೆ ಮಾತ್ರ ನಿನ್ನದು.

ಇನ್ನು ದುಡ್ಡಿನ ಮಾತು. 'ಆದಾಯ ಏನೂ ಇಲ್ಲ' ಎಂದು ಬರೆದಿದ್ದಿ. ಯುವನಿಧಿಯ 3000 ರೂಪಾಯಿ ತಿಂಗಳಿಗೆ ಬರುತ್ತಿದೆಯಲ್ಲ? ಮುಚ್ಚಿಡಬೇಡ. ಪದವಿ ಮುಗಿಸಿ ಕೆಲಸ ಸಿಗದವರಿಗೆ ಸರ್ಕಾರ ಹೆಚ್ಚೆಂದರೆ ಎರಡು ವರ್ಷ ಕೊಡುವ ಹಣ ಅದು, ನಾಚಿಕೆ ಪಡುವಂಥದ್ದೇನಲ್ಲ. ಅದರಲ್ಲಿ 2000 ಅವ್ವನ ಕೈಗೆ, 500 ಮೊಬೈಲ್ ರಿಚಾರ್ಜ್ ಮತ್ತು ಬಸ್ಸಿಗೆ ಹೋದರೆ ಉಳಿಯುವುದು 500. ಕೋರ್ಸು ನಾಲ್ಕು ತಿಂಗಳದು, ಫೀ 12,000. ಹಾಗಾದರೆ 2000 ನಾ ಕಟ್ಟುತ್ತೇನೆ, 10,000 ನೀವು ಕೊಡಿ ಎಂದು ಕೇಳು. 'ಎಷ್ಟಾದರೂ ಸಹಾಯ ಮಾಡಿ' ಎಂದರೆ ಓದುವವನೇ ಲೆಕ್ಕ ಹಾಕಬೇಕಾಗುತ್ತದೆ. ಅರವತ್ತನೇ ಅರ್ಜಿಗೆ ಬರುವ ಹೊತ್ತಿಗೆ ಆ ತಾಳ್ಮೆ ಯಾರಿಗೂ ಇರುವುದಿಲ್ಲ.

ಪುಕ್ಕಟೆ ಸಿಗುವುದನ್ನು ಬಿಟ್ಟು ಈ ಕೋರ್ಸೇ ಯಾಕೆ ಎಂದು ಅವರು ಖಂಡಿತ ಯೋಚಿಸುತ್ತಾರೆ. ಎನ್‌ಪಿಟಿಇಎಲ್‌ನಲ್ಲಿ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು, ಸರ್ಟಿಫಿಕೇಟಿನ ಪರೀಕ್ಷೆ ಬೇಕಾದವರಷ್ಟೇ ಫೀ ಕಟ್ಟುತ್ತಾರೆ. ನೀ ಅದರಲ್ಲಿ ಮೂರು ವಾರದ ಪಾಠ ನೋಡಿ ನಿಂತೆ, ಬರೆದ ಕೋಡ್ ಓದಿ ತಪ್ಪು ತೋರಿಸುವವರು ಯಾರೂ ಇರಲಿಲ್ಲ. ಈ ಕೋರ್ಸಿನಲ್ಲಿ ವಾರಕ್ಕೊಮ್ಮೆ ಒಬ್ಬರು ಕೂತು ನೋಡುತ್ತಾರೆ. ನಿನಗೆ ಬೇಕಾಗಿರುವುದು ಅದು ಎಂದು ನೇರವಾಗಿ ಬರೆ. ಮೂರೇ ವಾರಕ್ಕೆ ನಿಂತದ್ದನ್ನೂ ಬರೆ.

ಹೊತ್ತಿನ ವಿಷಯದಲ್ಲಿ 'ದಿನಕ್ಕೆ ಎಂಟು ತಾಸು' ಎಂದಿದ್ದಿ. ಯಾರು ನಂಬುತ್ತಾರೆ? ತೊಗರಿ ರಾಶಿ ಬರುವುದೇ ಡಿಸೆಂಬರ್, ಜನವರಿಯಲ್ಲಿ, ಕೋರ್ಸಿನ ನಡುವೆಯೇ. ಅಪ್ಪ ಒಬ್ಬನೇ ರಾಶಿ ಮಾಡಲಾರ. ಉಳಿದ ದಿನ ರಾತ್ರಿ ಎರಡು ತಾಸು, ರಾಶಿಯ ಎರಡು ವಾರ ಬಿಡುವು, ಆ ಪಾಠ ಮುಂದಿನ ತಿಂಗಳು ಭಾನುವಾರಗಳಲ್ಲಿ ಮುಗಿಸುತ್ತೇನೆ ಎಂದು ಹೇಳಿದರೆ ಒಳ್ಳೆಯದು. ಲ್ಯಾಪ್‌ಟಾಪ್ ಇಲ್ಲ, ಗೆಳೆಯನದನ್ನು ವಾರಕ್ಕೆ ಮೂರು ದಿನ ತರುತ್ತೇನೆ ಎಂಬುದನ್ನೂ ಸೇರಿಸು. ಆಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಿರಲಿ.

ಇಲ್ಲಿ ಸಿಗದಿದ್ದರೆ ಕೋರ್ಸೆರಾದಂಥ ಕಡೆಯೂ ಫೀ ಸಹಾಯಕ್ಕೆ ಅರ್ಜಿ ಹಾಕಬಹುದು. ಅಲ್ಲೂ ಕೇಳುವುದು ಇವೇ: ಯಾಕೆ ಸಹಾಯ ಬೇಕು, ಕೋರ್ಸಿನಿಂದ ಏನಾಗುತ್ತದೆ. ಉತ್ತರಕ್ಕೆ ಎರಡು ವಾರದಷ್ಟು ಕಾಯಬೇಕಾಗಬಹುದು, ಹಾಗಾಗಿ ಕೊನೆ ದಿನ ನೋಡಿಕೊಂಡು ಕೂರಬೇಡ.

ಬಿಕಾಂನ ನಾಲ್ಕನೇ ಸೆಮಿಸ್ಟರಿನಲ್ಲಿ ಒಂದು ಪೇಪರ್ ಉಳಿದು ಆಮೇಲೆ ಪಾಸಾದದ್ದನ್ನು ಅರ್ಜಿಯಲ್ಲಿ ಬಿಟ್ಟಿದ್ದಿ. ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಮಾಡಿದ ಕೂಡಲೇ ಕಾಣುತ್ತದೆ, ಒಂದು ಸಾಲಿನಲ್ಲಿ ನೀನೇ ಹೇಳಿಬಿಡು. ಮಾರ್ಕ್ಸ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇದೆಯೇ ನೋಡು. ಫಾರ್ಮಿನ ಬಾಕ್ಸಿನಲ್ಲಿ ನೇರವಾಗಿ ಟೈಪ್ ಮಾಡಬೇಡ, ಕರೆಂಟ್ ಹೋದರೆ ಬರೆದದ್ದೆಲ್ಲಾ ಹೋಗುತ್ತದೆ. ಮೊದಲು ಬೇರೆ ಕಡೆ ಬರೆದಿಟ್ಟುಕೋ.

ತಿದ್ದಿದ್ದನ್ನು ಶನಿವಾರದೊಳಗೆ ಕಳಿಸು. ಆ 128 ತೋರಿಸುವ ಹಳೆಯ ಫೈಲನ್ನು ಅಳಿಸಿಲ್ಲ ತಾನೇ? ಅದನ್ನೂ ಜೊತೆಗೆ ಲಗತ್ತಿಸು.

ನಿನ್ನ ಕಾಕಾ