ಮೆದು ನೀರು ಮನೆಗೆ, ಗಡಸು ನೀರೇ ತೋಟಕ್ಕೆ

ನೀರು ಮೆದುಗೊಳಿಸುವ ಯಂತ್ರದ ತೊಟ್ಟಿಯಲ್ಲಿರುವ ರಾಳವೆಂದರೆ ಸಾಸಿವೆಗಿಂತ ಚಿಕ್ಕ ಮಣಿಗಳ ರಾಶಿ. ಮಣಿಯಲ್ಲಿ ಋಣಾವೇಶದ ನೆಲೆಗಳಿದ್ದು, ಒಂದೊಂದರಲ್ಲೂ ಒಂದು ಸೋಡಿಯಂ ಅಯಾನು ಕುಳಿತಿರುತ್ತದೆ. ಬೋರ್‌ವೆಲ್ ನೀರು ಹರಿಯುವಾಗ ಎರಡು ಆವೇಶದ ಕ್ಯಾಲ್ಸಿಯಂ ಬಿಗಿಯಾಗಿ ಅಂಟಿ, ಎರಡು ಸೋಡಿಯಂಗಳನ್ನು ನೀರಿಗೆ ತಳ್ಳುತ್ತದೆ. ಮೆಗ್ನೀಸಿಯಂ ಮಾಡುವುದೂ ಇದನ್ನೇ. ನೀರಿನ ಉಪ್ಪಿನಂಶ ಇದರಿಂದ ಇಳಿಯುವುದಿಲ್ಲ, ಅದರ ಜಾತಿ ಬದಲಾಗುತ್ತದೆ ಅಷ್ಟೇ.

ಕೋಲಾರದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಎಂದುಕೊಳ್ಳೋಣ. 25 ಲೀಟರ್ ರಾಳ ಸುಮಾರು 2,500 ಲೀಟರ್ ನೀರನ್ನು ಮೆದು ಮಾಡಿ ಸೋಲುತ್ತದೆ. ಯಂತ್ರದಿಂದ ಬಂದ ನೀರಿಗೆ ಸಾಬೂನಿನ ಹನಿ ಹಾಕಿ ಕುಲುಕಿದಾಗ ನೊರೆ ನಿಲ್ಲದೆ ಮೊಸರಿನಂಥ ಕೆನೆ ಕಟ್ಟಿದರೆ ರಾಳ ಸೋತಿದೆ ಎಂದರ್ಥ. ಆಗ ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಕೆಸರು ತೆಗೆಯಬೇಕು. ಬಳಿಕ 4 ಕಿಲೋ ಹರಳುಪ್ಪನ್ನು ಸುಮಾರು 40 ಲೀಟರ್ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆ ನಿಧಾನವಾಗಿ ಇಳಿಸಬೇಕು. ದಟ್ಟ ಉಪ್ಪುನೀರಿನಲ್ಲಿ ಸೋಡಿಯಂ ಸಂಖ್ಯಾಬಲದಿಂದ ಕ್ಯಾಲ್ಸಿಯಂ ಅನ್ನು ಎಬ್ಬಿಸುತ್ತದೆ. ಉಪ್ಪಿನಲ್ಲಿ ಜಿಪುಣತನ ಮಾಡಿದರೆ ರಾಳ ಅರೆಬರೆ ಚೇತರಿಸಿಕೊಳ್ಳುತ್ತದೆ. ಕೊನೆಗೆ ಉಪ್ಪಿನ ರುಚಿ ಹೋಗುವವರೆಗೆ ತೊಳೆಯಬೇಕು.

ಕೊಚ್ಚಿ, ತಿರುವನಂತಪುರದ ಜಂಬಿಟ್ಟಿಗೆ ನೆಲದ ಬಾವಿಗಳಲ್ಲಿ ಕಾಡುವುದು ಸಾಮಾನ್ಯವಾಗಿ ಗಡಸುತನವಲ್ಲ, ಕಬ್ಬಿಣ. ಅದು ತುಕ್ಕಾಗಿ ಮಣಿಗಳನ್ನು ಮುಚ್ಚಿ ರಾಳವನ್ನೇ ಕೆಡಿಸುತ್ತದೆ. ಅಲ್ಲಿ ಮೊದಲು ನೀರಿಗೆ ಗಾಳಿ ಹಾಯಿಸಿ ಶೋಧಿಸಬೇಕು. ಕರಾವಳಿಯ ಉಪ್ಪು ಬಾವಿಗಂತೂ ಈ ಯಂತ್ರ ನಿಷ್ಪ್ರಯೋಜಕ. ನೀರು ಮೆದುವಾಗುತ್ತದೆಂದು ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಬರೆಯುವುದೇ ಕಾಗದ ದಂಡ.

ಮತ್ತೆ ಮತ್ತೆ ಆಗುತ್ತಿರುವ ತಪ್ಪು ಒಂದೇ: ಸುಣ್ಣದಿಂದ ಡ್ರಿಪ್ ಕಟ್ಟಿಕೊಳ್ಳುತ್ತದೆಂದು ಮೆದು ನೀರನ್ನು ತೋಟಕ್ಕೆ ಬಿಡುವುದು, ಅಥವಾ ರಾಳ ತೊಳೆದ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಸುರಿಯುವುದು. 500 ಮಿಲಿಗ್ರಾಂ ಗಡಸುತನ ತೆಗೆದ ಪ್ರತಿ ಲೀಟರಿನಲ್ಲಿ 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ಜೇಡಿಮಣ್ಣಿನ ಕಣವೂ ರಾಳದ ಮಣಿಯಂತೆ ಅಯಾನು ಹಿಡಿಯುವಂಥದ್ದು. ಕ್ಯಾಲ್ಸಿಯಂ ಇಲ್ಲದ, ಸೋಡಿಯಂ ತುಂಬಿದ ನೀರು ಬಿದ್ದರೆ ಆ ಕಣ ಕ್ಯಾಲ್ಸಿಯಂ ಬಿಟ್ಟು ಸೋಡಿಯಂ ಹಿಡಿಯುತ್ತದೆ. ಕಣಗಳು ಬಿಡಿಬಿಡಿಯಾಗಿ ಮೇಲ್ಮಣ್ಣು ಗಟ್ಟಿ ಹೊದಿಕೆಯಾಗುತ್ತದೆ, ನೀರು ಇಂಗದೆ ನಿಲ್ಲುತ್ತದೆ. ಯಂತ್ರದಲ್ಲಿ ನಡೆದದ್ದೇ ಹೊಲದಲ್ಲಿ ತಿರುವುಮುರುವಾಗಿ ನಡೆದಿದೆ.

ಡ್ರಿಪ್ ಸುಣ್ಣಕ್ಕೆ ಮದ್ದು ಆಮ್ಲ. ಒಂದು ಬಕೆಟ್ ನೀರಿಗೆ ಅಳೆದು ಆಮ್ಲ ಹಾಕಿ, ರಸಸಾರ 6ರ ಆಸುಪಾಸಿಗೆ ಬರುವ ಪ್ರಮಾಣ ನೋಡಿಕೊಂಡು ಲೈನಿಗೆ ಬಿಡಬೇಕು. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಈಗಾಗಲೇ ಕೆಟ್ಟ ಹೊಲಕ್ಕೆ ಮಣ್ಣು ಪರೀಕ್ಷೆಯ ವರದಿ ನೋಡಿ ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ಸೋಡಿಯಂ ತೊಳೆದು ಹೊರಹಾಕಬೇಕು. ಅದಕ್ಕೂ ಮೊದಲು ತೋಟಕ್ಕೆ ಹೋಗುವ ಪೈಪನ್ನು ಯಂತ್ರದಿಂದ ಬಿಡಿಸಬೇಕು.