‘ಎನಫ್ ಲಾಂಗ್’ ಅಲ್ಲ, ‘ಲಾಂಗ್ ಎನಫ್’

ಪ್ರಶ್ನೆ: ನಾನು ಹೋಟಗಿಯವಳು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು, ಸೊಲ್ಲಾಪುರದಲ್ಲಿ ಬಿ.ಕಾಂ. ಮುಗಿಸಿ, ಅಲ್ಲೇ ಒಂದು ಟವೆಲ್ ರಫ್ತು ಕಚೇರಿಗೆ ಸೇರಿದ್ದೇನೆ. ಹೊರದೇಶದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು ನನ್ನ ಕೆಲಸ. ಮೊನ್ನೆ ಸಾಹೇಬರು ಮೂರು ವಾಕ್ಯಗಳಿಗೆ ಕೆಂಪು ಗೆರೆ ಎಳೆದರು: ‘ದ ರಿಪೋರ್ಟ್ ಈಸ್ ಎನಫ್ ಲಾಂಗ್’, ‘ಅವರ್ ಟವೆಲ್ಸ್ ಆರ್ ಟೂ ಸಾಫ್ಟ್’, ‘ದೇರ್ ವಾಸ್ ಸೋ ಲಾಂಗ್ ಡಿಲೇ’. ನಿಯಮ ಬಾಯಿಪಾಠ ಇದೆ, ಬರೆಯುವಾಗ ತಪ್ಪುತ್ತದೆ. ಏನು ಮಾಡಲಿ?
— ಹೆಸರು ಬೇಡ, ಹೋಟಗಿ

ಉತ್ತರ: ತಂಗಿ, ಈ ಮೂರೂ ತಪ್ಪುಗಳ ಬೇರು ನೀವು ಆಡುವ ಮಾತಿನಲ್ಲೇ ಇದೆ. ನೀವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತೀರಿ. ಕನ್ನಡದ ‘ಸಾಕಷ್ಟು ಉದ್ದ’, ಮರಾಠಿಯ ‘ಪುರೇಸಾ ಲಾಂಬ್’ ಎರಡರಲ್ಲೂ ಸಾಕು ಎನ್ನುವ ಪದ ಮೊದಲು ಬರುತ್ತದೆ. ಎರಡು ಭಾಷೆ ಒಂದೇ ದಾರಿ ತೋರಿಸಿದಾಗ ಕೈ ಆ ಕಡೆಗೇ ಹೋಗುತ್ತದೆ.

ಇಂಗ್ಲಿಷಿನಲ್ಲಿ ಎನಫ್ ಗುಣವನ್ನು ಅಳೆಯುವಾಗ ಆ ಪದದ ಹಿಂದೆ ನಿಲ್ಲುತ್ತದೆ: ಲಾಂಗ್ ಎನಫ್, ಸಾಫ್ಟ್ ಎನಫ್. ವಸ್ತುವನ್ನು ಅಳೆಯುವಾಗ ಮುಂದೆ ನಿಲ್ಲುತ್ತದೆ: ಎನಫ್ ಟೈಮ್, ಎನಫ್ ಯಾರ್ನ್. ಇದನ್ನು ಕೇವಲ ಕ್ರಮದ ಕಟ್ಟಳೆ ಎಂದುಕೊಳ್ಳಬೇಡಿ, ಅರ್ಥವೇ ಬದಲಾಗುತ್ತದೆ. ‘ನಮ್ಮಲ್ಲಿ ಸಾಕಷ್ಟು ಒಳ್ಳೆಯ ನೂಲು ಇದೆ’ ಎಂದರೆ ಎರಡು ಅರ್ಥ ಬರುತ್ತವೆ. ಒಳ್ಳೆಯ ನೂಲಿನ ದಾಸ್ತಾನು ಸಾಕಷ್ಟಿದೆಯೋ, ಇರುವ ನೂಲಿನ ಗುಣಮಟ್ಟ ಸಾಲುವಷ್ಟಿದೆಯೋ? ಕನ್ನಡದಲ್ಲಿ ಹಿಂದುಮುಂದಿನ ಮಾತಿನಿಂದ ತಿಳಿಯಬೇಕು. ಇಂಗ್ಲಿಷಿನಲ್ಲಿ ‘ಎನಫ್ ಗುಡ್ ಯಾರ್ನ್’ ಎಂದರೆ ದಾಸ್ತಾನಿನ ಮಾತು, ‘ಗುಡ್ ಎನಫ್ ಯಾರ್ನ್’ ಎಂದರೆ ಗುಣಮಟ್ಟದ ಮಾತು. ಆರ್ಡರ್ ಕೊಡುವವನಿಗೆ ಈ ಎರಡೂ ಒಂದೇ ಅಲ್ಲ. ಆದ್ದರಿಂದ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಸಾಕಾಗಿರುವುದು ಏನು, ವಸ್ತುವೋ ಅದರ ಗುಣವೋ? ನಿಮ್ಮ ವರದಿಯಲ್ಲಿ ಸಾಕಾಗಿರುವುದು ಉದ್ದ, ಅಂದರೆ ಗುಣ. ಹಾಗಾಗಿ ‘ದ ರಿಪೋರ್ಟ್ ಈಸ್ ಲಾಂಗ್ ಎನಫ್’.

ಎರಡನೇ ವಾಕ್ಯದ ಬಗ್ಗೆ ನನಗೆ ಹೆಚ್ಚು ಕಾಳಜಿ. ಎನಫ್ ತಪ್ಪಿದರೆ ಓದುವವನಿಗೆ ಅರ್ಥವಾದರೂ ಆಗುತ್ತದೆ. ಟೂ ತಪ್ಪಿದರೆ ಉಲ್ಟಾ ಅರ್ಥವಾಗುತ್ತದೆ, ವ್ಯಾಕರಣದಲ್ಲಿ ದೋಷವೂ ಕಾಣುವುದಿಲ್ಲ. ನಮ್ಮ ‘ಭಾಳ’ ಎರಡು ಕೆಲಸ ಮಾಡುತ್ತದೆ. ‘ಚಹಾ ಭಾಳ ಚಲೋ ಐತಿ’ ಎಂದರೆ ಹೊಗಳಿಕೆ, ‘ಚಹಾ ಭಾಳ ಬಿಸಿ ಐತಿ, ಕುಡಿಯಾಕ ಆಗವಲ್ದು’ ಎಂದರೆ ತಕರಾರು. ಇಂಗ್ಲಿಷಿನಲ್ಲಿ ಹೊಗಳಿಕೆಗೆ ವೆರಿ, ಮಿತಿ ಮೀರಿದ್ದಕ್ಕೆ ಟೂ. ‘ಅವರ್ ಟವೆಲ್ಸ್ ಆರ್ ಟೂ ಸಾಫ್ಟ್’ ಎಂದು ಓದಿದ ಖರೀದಿದಾರ, ಬೇಕಾದುದಕ್ಕಿಂತ ಮೆತ್ತಗಾಗಿದೆ, ಇವರೇ ಒಪ್ಪಿಕೊಂಡಿದ್ದಾರೆ ಎಂದುಕೊಳ್ಳುತ್ತಾನೆ. ನೀವು ಹೇಳಬೇಕಾಗಿದ್ದುದು ‘ವೆರಿ ಸಾಫ್ಟ್’.

ಪರೀಕ್ಷೆ ಸುಲಭ. ಕನ್ನಡ ವಾಕ್ಯದ ಕೊನೆಗೆ ‘ಅದಕ್ಕ ಆಗಂಗಿಲ್ಲ’ ಎಂದು ಸೇರಿಸಿ ನೋಡಿ. ಒಗ್ಗಿದರೆ ಟೂ, ಒಗ್ಗದಿದ್ದರೆ ವೆರಿ. ಬಣ್ಣ ಭಾಳ ಗಾಢ ಆಗಿದೆ, ಅದಕ್ಕ ಸ್ಯಾಂಪಲ್ಲಿಗೆ ಹೊಂದಂಗಿಲ್ಲ. ಇಲ್ಲಿ ಟೂ ಸರಿ: ‘ದ ಶೇಡ್ ಈಸ್ ಟೂ ಡಾರ್ಕ್ ಟು ಮ್ಯಾಚ್ ದ ಸ್ಯಾಂಪಲ್’. ‘ಯು ಆರ್ ಟೂ ಕೈಂಡ್’ ಎನ್ನುವಂಥ ಉಪಚಾರದ ಮಾತುಗಳಲ್ಲಿ ಟೂ ಹೊಗಳಿಕೆಯಾಗಿ ಬರುವುದುಂಟು. ಕಚೇರಿಯ ಬರವಣಿಗೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು ಬೇಗ ಮುಗಿಯುತ್ತದೆ. ನಾವು ‘ಇಷ್ಟು’ ಎನ್ನುವ ಕಡೆ ಇಂಗ್ಲಿಷಿನಲ್ಲಿ ಸೋ ಮತ್ತು ಸಚ್ ಎರಡಿವೆ. ಗುಣವಾಚಕ ಒಂಟಿಯಾಗಿದ್ದರೆ ಸೋ, ಅದರ ಬೆನ್ನಿಗೆ ನಾಮಪದವೂ ಇದ್ದರೆ ಸಚ್. ‘ದ ಡಿಲೇ ವಾಸ್ ಸೋ ಲಾಂಗ್’ ಸರಿ. ಡಿಲೇ ಕೊನೆಗೆ ಬಂದರೆ ‘ಸಚ್ ಎ ಲಾಂಗ್ ಡಿಲೇ’ ಆಗಬೇಕು, ನಡುವಿನ ಎ ಬಿಡಬಾರದು. ಯಾರ್ನ್‌ನಂತೆ ಎಣಿಸಲಾಗದ ವಸ್ತುವಿಗೆ ಎ ಬೇಡ: ‘ಸಚ್ ಗುಡ್ ಯಾರ್ನ್’. ಮೆನಿ, ಮಚ್‌ನಂಥ ಪ್ರಮಾಣ ಹೇಳುವ ಪದಗಳ ಜೊತೆ ನಾಮಪದವಿದ್ದರೂ ಸೋ ಬರುತ್ತದೆ: ‘ಸೋ ಮೆನಿ ಆರ್ಡರ್ಸ್’. ಒಂದು ಸೂಕ್ಷ್ಮ: ಸೋ, ಸಚ್ ಬಂದರೆ ಓದುವವರು ಸಾಮಾನ್ಯವಾಗಿ ‘ಎಷ್ಟೆಂದರೆ’ ಎಂಬ ಮುಂದುವರಿಕೆಗೆ ಕಾಯುತ್ತಾರೆ. ‘ದೇರ್ ವಾಸ್ ಸಚ್ ಎ ಲಾಂಗ್ ಡಿಲೇ ದಟ್ ವಿ ಮಿಸ್ಡ್ ದ ಶಿಪ್’ ಎಂದರೆ ವಾಕ್ಯ ತುಂಬುತ್ತದೆ. ಹೇಳಲು ಪರಿಣಾಮ ಏನೂ ಇಲ್ಲದಿದ್ದರೆ ‘ಎ ವೆರಿ ಲಾಂಗ್ ಡಿಲೇ’ ಎಂದು ಬರೆದು ಮುಗಿಸಿ.

ನಿಯಮವನ್ನು ಇನ್ನೊಮ್ಮೆ ಬಾಯಿಪಾಠ ಮಾಡಲು ಹೋಗಬೇಡಿ. ನೀವು ಈಗಾಗಲೇ ಕಳಿಸಿದ ಮೇಲ್‌ಗಳಲ್ಲಿ ಟೂ ಇರುವ ಸಾಲುಗಳನ್ನು ಹುಡುಕಿ, ಒಂದೊಂದಕ್ಕೂ ‘ಅದಕ್ಕ ಆಗಂಗಿಲ್ಲ’ ಹಚ್ಚಿ ನೋಡಿ. ಮಾಲಿನ ಗುಣ ಹೇಳುವ ಕಡೆ ತಪ್ಪು ಟೂ ಸಿಕ್ಕರೆ ಸಾಹೇಬರಿಗೆ ತಿಳಿಸಿ, ತಿದ್ದಿದ ಸಾಲನ್ನು ಖರೀದಿದಾರರಿಗೆ ಮತ್ತೆ ಕಳಿಸಿ.