ಇಂಟರ್‌ವ್ಯೂ ಬೋರ್ಡ್ ಮುಂದೆ ಜಂಗಮಕೋಟೆ

ಯುಪಿಎಸ್‌ಸಿ ಸಿವಿಲ್ ಸರ್ವಿಸಸ್‌ನಲ್ಲಿ ಮೇನ್ಸ್‌ಗೆ 1750 ಅಂಕ, ವ್ಯಕ್ತಿತ್ವ ಪರೀಕ್ಷೆಗೆ 275. ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿ ಸುಮಾರು ಅರ್ಧ ಗಂಟೆ ನಡೆಯುವ ಈ ಮಾತುಕತೆಗೆ ಸಿಲಬಸ್ ಇಲ್ಲ ಅಂತಾರೆ. ಆದರೆ ಅರ್ಧ ಸಿಲಬಸ್ಸನ್ನು ನಾವೇ ಬರೆದುಕೊಟ್ಟಿರುತ್ತೇವೆ. ಅದೇ ಡಿಎಎಫ್, ಅಂದರೆ ವಿವರವಾದ ಅರ್ಜಿ ನಮೂನೆ. ಊರು, ಓದಿದ ಬ್ರಾಂಚ್, ಹವ್ಯಾಸ ಎಲ್ಲ ಅದರಲ್ಲಿರುತ್ತೆ. ಬೋರ್ಡಿನವರು ಅದನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ.

ಒಂದು ಉದಾಹರಣೆ ತಗೊಳ್ಳೋಣ. ಅಭ್ಯರ್ಥಿಯ ಊರು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ. ಓದಿದ್ದು ಮೆಕ್ಯಾನಿಕಲ್. ಹವ್ಯಾಸ ಪಕ್ಷಿ ವೀಕ್ಷಣೆ.

ಊರು

"ನಿಮ್ಮೂರಿನ ಬಗ್ಗೆ ಹೇಳಿ" ಅಂದಾಗ ಹೆಚ್ಚಿನವರು "ನಮ್ಮೂರು ರೇಷ್ಮೆಗೆ ಪ್ರಸಿದ್ಧ ಸರ್" ಅಂತ ನಿಲ್ಲಿಸಿಬಿಡ್ತಾರೆ. ಮುಂದಿನ ಪ್ರಶ್ನೆ "ಯಾಕೆ?" ಅಂತ ಬಂದೇ ಬರುತ್ತೆ. ಅದಕ್ಕೆ ಕಾರಣ ಗೊತ್ತಿರಬೇಕು. ಈ ಭಾಗದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಪ್ಪುನೇರಳೆ ತೋಟವನ್ನು ಬೋರ್‌ವೆಲ್ ನೀರಲ್ಲಿ ಉಳಿಸಿಕೊಳ್ಳಬಹುದು. ಹುಳು ಸಾಕಣೆ ಒಂದು ತಿಂಗಳೊಳಗೆ ಮುಗಿಯುವುದರಿಂದ ವರ್ಷಕ್ಕೆ ಹಲವು ಬೆಳೆ ತೆಗೀಬಹುದು, ಸಣ್ಣ ಹಿಡುವಳಿಯವರ ಕೈಗೂ ಆಗಾಗ ದುಡ್ಡು ಬರುತ್ತೆ. ಗೂಡು ಮಾರೋಕೆ ಶಿಡ್ಲಘಟ್ಟದಲ್ಲೇ ಸರ್ಕಾರಿ ಮಾರುಕಟ್ಟೆ ಇದೆ, ಕೊಳ್ಳುವ ರೀಲರುಗಳೂ ಅಲ್ಲೇ ಇದ್ದಾರೆ.

ಮೆಕ್ಯಾನಿಕಲ್ ಓದಿದವನಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತೆ: "ಚರಕಕ್ಕೂ ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ನಿಗೂ ಏನು ವ್ಯತ್ಯಾಸ?" ಚರಕದಲ್ಲಿ ದಾರದ ದಪ್ಪ ಕೆಲಸಗಾರನ ಕಣ್ಣು ಮತ್ತು ಕೈ ಮೇಲೆ ನಿಂತಿರುತ್ತೆ. ಮೆಷಿನ್ನಿನಲ್ಲಿ ದಾರ ತೆಳುವಾಯಿತು ಅಂತ ಒಂದು ಸೆನ್ಸರ್ ಗುರುತಿಸುತ್ತೆ, ತಕ್ಷಣ ಹೊಸ ಗೂಡಿನ ಎಳೆ ಸೇರಿಕೊಳ್ಳುತ್ತೆ. ನಾವು ಓದುವ ಫೀಡ್‌ಬ್ಯಾಕ್ ಕಂಟ್ರೋಲ್ ಇದೇ. ಇದನ್ನು ಪುಸ್ತಕದಲ್ಲಿ ಓದೋದಕ್ಕಿಂತ ಒಂದು ಸಲ ರೀಲಿಂಗ್ ಘಟಕಕ್ಕೆ ಹೋಗಿ ನೋಡಿಬರೋದು ಒಳ್ಳೇದು.

ಹವ್ಯಾಸ

ಹವ್ಯಾಸದ ಪ್ರಶ್ನೆ ನಿಜಕ್ಕೂ ಒಂದು ಪ್ರಾಮಾಣಿಕತೆಯ ಪರೀಕ್ಷೆ. "ಕಳೆದ ಸಲ ಎಲ್ಲಿ, ಏನು ನೋಡಿದಿರಿ? ನೀರುಕಾಗೆಗೂ ಹಾವಕ್ಕಿಗೂ ವ್ಯತ್ಯಾಸ ಹೇಗೆ ಹಿಡೀತೀರಿ?" ಅಂತ ಕೇಳಿದರೆ, ಕೆರೆ ದಂಡೆಯಲ್ಲಿ ಕೂತವನು ತಡವರಿಸಲ್ಲ: ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತೆ, ಹಾವಕ್ಕಿಯದು ಭರ್ಜಿಯಂತೆ ನೇರ, ಕತ್ತು ಹಾವಿನಂತೆ ಸಪೂರ. ಅರ್ಜಿ ಚೆನ್ನಾಗಿ ಕಾಣಲಿ ಅಂತ ಸೇರಿಸಿದ ಹವ್ಯಾಸ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೆ.

ಇಲ್ಲಿಂದ ಮಾತು ಕೆರೆಗೆ ಹೊರಳಬಹುದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅನ್ನೋದು ಇಲ್ಲಿನ ಹಳೇ ಬೇಡಿಕೆ. ಊರು, ಹವ್ಯಾಸ, ಅಭಿಪ್ರಾಯ ಬೇರೆ ಬೇರೆ ಪಾಠಗಳಲ್ಲ, ಒಂದರಿಂದ ಇನ್ನೊಂದಕ್ಕೆ ದಾರಿ ಇರುತ್ತೆ.

ಅಭಿಪ್ರಾಯ

ಜಂಗಮಕೋಟೆಯವನಿಗೆ ತಪ್ಪದ ಪ್ರಶ್ನೆ ಇದು: "ನಿಮ್ಮ ಹೋಬಳಿಯಲ್ಲಿ ಕೈಗಾರಿಕೆಗೆ ಭೂಸ್ವಾಧೀನ ಅಂತ ರೈತರಲ್ಲೇ ಪರ-ವಿರೋಧ ಎದ್ದಿದೆ. ನೀವು ಯಾವ ಕಡೆ?"

"ರೈತರ ಕಡೆ ಸರ್" ಅಂದರೆ ಯಾವ ರೈತರು ಅನ್ನೋ ಪ್ರಶ್ನೆ ಉಳಿಯುತ್ತೆ. "ಎರಡೂ ಸರಿ" ಅಂದರೆ ಉತ್ತರವೇ ಕೊಟ್ಟಂತಾಗಲ್ಲ. ನಮ್ಮ ಅಣಕು ಸಂದರ್ಶನಗಳಲ್ಲಿ ಗಟ್ಟಿಯಾಗಿ ನಿಂತ ಉತ್ತರದ ಸ್ವರೂಪ ಹೀಗಿರುತ್ತೆ:

"ಸರ್, ನೀರಿಲ್ಲದ ಜಮೀನಿನವರಿಗೆ ಪರಿಹಾರವೂ ಮಕ್ಕಳಿಗೆ ಕೆಲಸವೂ ಬೇಕಾಗಿದೆ. ತೋಟ, ಹುಳುಮನೆ ಇರುವವರಿಗೆ ನಿತ್ಯದ ಆದಾಯ ಹೋಗುತ್ತೆ. ಭೂಮಿ ಇಲ್ಲದ ಕೂಲಿಯವರಿಗೆ ಪರಿಹಾರದ ಪಟ್ಟಿಯಲ್ಲಿ ಜಾಗ ಸಿಗೋದೇ ಕಷ್ಟ. 1966ರ ಕೆಐಎಡಿ ಕಾಯ್ದೆಯಲ್ಲಿ 28(1)ರ ಪ್ರಾಥಮಿಕ ಅಧಿಸೂಚನೆಗೂ 28(4)ರ ಅಂತಿಮ ಅಧಿಸೂಚನೆಗೂ ನಡುವೆ ಆಕ್ಷೇಪಣೆ ಕೇಳುವ ಹಂತ ಇದೆ. ಆ ಹಂತದಲ್ಲಿ ಸರ್ವೆ ನಂಬರ್‌ವಾರು ನೀರಾವರಿ ತೋಟ ಗುರುತಿಸಿ, ಆದಷ್ಟು ಕೈಬಿಡಬೇಕು ಅಂತ ನನ್ನ ಅಭಿಪ್ರಾಯ. ಇದರಿಂದ ಕೈಗಾರಿಕೆಗೆ ಒಂದೇ ಕಡೆ ಜಾಗ ಸಿಗದೆ ಹೋಗಬಹುದು, ಅದು ಈ ನಿಲುವಿನ ಮಿತಿ."

ಯಾರಿಗೆ ಏನಾಗುತ್ತೆ, ಕಾನೂನಿನ ದಾರಿ ಯಾವುದು, ನನ್ನ ನಿಲುವೇನು, ಅದರ ಬೆಲೆಯೇನು: ನಾಲ್ಕೂ ಇದರಲ್ಲಿದೆ. ಬೋರ್ಡಿನವರು "ಹಾಗಾದರೆ ಕಾರ್ಖಾನೆ ಬರೋದೇ ಇಲ್ವಲ್ಲ?" ಅಂತ ಒತ್ತಿದಾಗ ಹೊಸ ಮಾಹಿತಿ ಕೊಟ್ಟಿದ್ದರೆ ಮಾತ್ರ ನಿಲುವು ಬದಲಿಸಿ, ಬರೀ ದನಿ ಏರಿಸಿದ್ದಕ್ಕೆ ಬದಲಿಸಬೇಡಿ. ಅಂಕಿಅಂಶ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಅಂದುಬಿಡಿ. ಅಂದಾಜು ಸಂಖ್ಯೆ ಹೇಳಿದರೆ ಮುಂದಿನ ಪ್ರಶ್ನೆ ಅದರ ಮೇಲೇ ಬರುತ್ತೆ.

ಭಾಷೆಯ ಬಗ್ಗೆ ಒಂದು ಮಾತು. ಮೇನ್ಸನ್ನು ಕನ್ನಡದಲ್ಲಿ ಬರೆದವರು ಸಂದರ್ಶನಕ್ಕೂ ಕನ್ನಡ ಆರಿಸಿಕೊಳ್ಳಬಹುದು, ದುಭಾಷಿ ಇರುತ್ತಾರೆ. ಆಗ ವಾಕ್ಯ ಚಿಕ್ಕದಾಗಿರಲಿ. ಉದ್ದ ವಾಕ್ಯದ ಕೊನೆಯ ಕ್ರಿಯಾಪದ ಬರೋವರೆಗೂ ದುಭಾಷಿ ಕಾಯಬೇಕಾಗುತ್ತೆ.

ಈ ವಾರದ ಅಭ್ಯಾಸ: ಹಾಳೆಯಲ್ಲಿ ನಿಮ್ಮೂರು, ಬ್ರಾಂಚ್, ಹವ್ಯಾಸ ಬರೆಯಿರಿ. ಪ್ರತಿಯೊಂದಕ್ಕೂ ಮೂರು "ಯಾಕೆ" ಕೇಳೋಕೆ ರೂಮ್‌ಮೇಟ್‌ಗೆ ಹೇಳಿ. ಎಲ್ಲಿ ಉತ್ತರ ನಿಲ್ಲುತ್ತೋ ಅಲ್ಲಿಂದ ಓದು ಶುರುಮಾಡಿ.